ಕಾಲ್‌ಫಾರ್ಮ್ ಬರುವವರೆಗೂ ದಿನಗಳು ನಮ್ಮವೇ

ಊರಿಗೆ ಫೋನ್ ಮಾಡಿದಾಗಲೆಲ್ಲ ಅವ್ವನ ಮೊದಲ ಪ್ರಶ್ನೆ ಒಂದೇ: ‘ಏನಾತವ್ವಾ, ಕಾಲ್‌ಫಾರ್ಮ್ ಬಂತೇನ?’ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಗೆ ಓದುವ ಯಾರನ್ನೇ ಕೇಳಿ, ಈ ಪ್ರಶ್ನೆ ಅವರಿಗೂ ಬಂದಿರುತ್ತದೆ. ಅವ್ವನ ಮೇಲೆ ಸಿಟ್ಟು ಬರುವುದಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲಿಲ್ಲ. ಉತ್ತರ ನಮ್ಮ ಕೈಯಲ್ಲಿಲ್ಲದ ಪ್ರಶ್ನೆಯನ್ನೇ ದಿನಾ ಬೆಳಿಗ್ಗೆ ನಮಗೆ ನಾವೇ ಕೇಳಿಕೊಂಡು ಏಳುತ್ತೇವಲ್ಲ, ದಣಿವು ಅಲ್ಲಿಂದಲೇ ಶುರುವಾಗುತ್ತದೆ ಅನ್ನುವುದು ಮೂರನೇ ವರ್ಷಕ್ಕೆ ಕಾಲಿಟ್ಟಿರುವ ನನ್ನ ಅನುಭವ.

ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ವಿಷಯ ಹೈಕೋರ್ಟಿಗೆ ಹೋಗಿ, 2023ರ ನವೆಂಬರ್‌ನಲ್ಲಿ ಮರುಪರೀಕ್ಷೆಗೆ ದಾರಿಯಾಗಿ, ಕಡೆಗೆ 2024ರ ಜನವರಿ 23ರಂದು ಮತ್ತೊಮ್ಮೆ ಪರೀಕ್ಷೆ ನಡೆಯಿತು. ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಎರಡು ವರ್ಷ ಮೂರು ತಿಂಗಳಿಗೂ ಹೆಚ್ಚು ಅಂತರ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಅದೇ ಡಿಸೆಂಬರ್ 29ರಂದು ಪುನಃ ನಡೆಯಿತು. ಇದರಲ್ಲಿ ಪ್ರಾಮಾಣಿಕವಾಗಿ ಓದಿ ಬರೆದವರ ತಪ್ಪೇನೂ ಇರಲಿಲ್ಲ. ಆದರೆ ಅವರ ಕ್ಯಾಲೆಂಡರ್ ಪೂರ್ತಿ ಬೇರೆಯವರ ಕೈಯಲ್ಲಿತ್ತು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಪರೀಕ್ಷೆಯ ಕ್ಯಾಲೆಂಡರನ್ನೂ ನಮ್ಮ ಕ್ಯಾಲೆಂಡರನ್ನೂ ಬೇರೆ ಮಾಡುವುದು. ಕಾಲ್‌ಫಾರ್ಮ್ ಬರಲಿ, ಬಿಡಲಿ, ಈ ವಾರ ಮುಗಿದಾಗ ‘ಇಷ್ಟು ಆಯಿತು’ ಎಂದು ತೋರಿಸಲು ಏನಾದರೂ ಇರಬೇಕು.

ಸಮಯ ಹೆಚ್ಚಾದಾಗ ಆಗುವುದು

ಕೆಲಸವಿಲ್ಲದವರ ಹತ್ತಿರ ಸಮಯ ಬೇಕಾದಷ್ಟು ಇರುತ್ತದೆ, ಆ ಸಮಯದಲ್ಲಿ ಎಷ್ಟಾದರೂ ಓದಬಹುದು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಇದು ನಿಜವಲ್ಲ ಎನ್ನುವುದಕ್ಕೆ ಸುಮಾರು ತೊಂಬತ್ತು ವರ್ಷಗಳ ಹಿಂದಿನ ಒಂದು ಅಧ್ಯಯನವಿದೆ. ಆಸ್ಟ್ರಿಯಾದ ಮಾರಿಯೆಂಥಾಲ್ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿತು. ಮರೀ ಯಹೋದಾ, ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸೆಲ್ ಎಂಬ ಸಂಶೋಧಕರು ಅಲ್ಲಿಯ ನಿರುದ್ಯೋಗಿಗಳ ದಿನಚರಿಯನ್ನು ಹತ್ತಿರದಿಂದ ಗಮನಿಸಿ 1933ರಲ್ಲಿ ಪುಸ್ತಕ ಪ್ರಕಟಿಸಿದರು.

ಅವರು ಕಂಡದ್ದು ಬೇರೆಯೇ. ದಿನವಿಡೀ ಬಿಡುವಿದ್ದರೂ ಊರಿನ ಗ್ರಂಥಾಲಯದಿಂದ ಜನ ಒಯ್ಯುವ ಪುಸ್ತಕಗಳ ಸಂಖ್ಯೆ ಇಳಿದುಹೋಗಿತ್ತು. ಗಂಡಸರು ರಸ್ತೆಯಲ್ಲಿ ನಡೆಯುವ ವೇಗವೇ ಕಡಿಮೆಯಾಗಿತ್ತು, ನಡುನಡುವೆ ಸುಮ್ಮನೆ ನಿಲ್ಲುತ್ತಿದ್ದರು. ಬೆಳಿಗ್ಗೆಯಿಂದ ಏನು ಮಾಡಿದಿರಿ ಎಂದು ಕೇಳಿದರೆ ಹೇಳಲು ಹೆಚ್ಚೇನೂ ನೆನಪಿರುತ್ತಿರಲಿಲ್ಲ. ಮನೆಗೆಲಸದ ಹೊಣೆಯಿದ್ದ ಹೆಂಗಸರ ದಿನ ಮಾತ್ರ ಅಷ್ಟು ಚದುರಿರಲಿಲ್ಲ.

ಯಹೋದಾ ಮುಂದೆ ಇದನ್ನೇ ವಿವರಿಸಿ ಬರೆದರು. ನೌಕರಿ ಸಂಬಳವನ್ನಷ್ಟೇ ಕೊಡುವುದಿಲ್ಲ. ದಿನಕ್ಕೊಂದು ಚೌಕಟ್ಟು, ಮನೆಯ ಹೊರಗಿನ ಜನರ ಒಡನಾಟ, ನಾಲ್ಕು ಜನರೊಡನೆ ಸೇರಿ ಮಾಡುವ ಗುರಿ, ಸಮಾಜದಲ್ಲಿ ಒಂದು ಸ್ಥಾನ, ತಪ್ಪದೆ ಮಾಡಬೇಕಾದ ಒಂದು ಕೆಲಸ, ಇವನ್ನೂ ಕೊಡುತ್ತದೆ. ನೌಕರಿ ಇಲ್ಲದಾಗ ಈ ಐದೂ ಒಟ್ಟಿಗೆ ಹೋಗುತ್ತವೆ. ರೂಮಿನಲ್ಲಿ ಕೂತು ಓದುವವರಿಗೆ ಮಧ್ಯಾಹ್ನ ಮೂರು ಗಂಟೆಗೆ ಕಾರಣವಿಲ್ಲದೆ ಬರುವ ಮಂಕುತನವನ್ನು ನಾವು ಸೋಮಾರಿತನ ಎಂದು ಕರೆದುಕೊಂಡು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಬಹಳ ಸಲ ಅದು ಚೌಕಟ್ಟು ಕಳೆದುಕೊಂಡ ದಿನದ ಲಕ್ಷಣ.

ಮೂರು ಗೂಟಗಳ ದಿನಚರಿ

ಚೌಕಟ್ಟು ಬೇಕು ಎಂದಕೂಡಲೇ ಗೋಡೆಯ ಮೇಲೆ ಹದಿನಾಲ್ಕು ಗಂಟೆಯ ಟೈಮ್‌ಟೇಬಲ್ ಬರೆದು ಅಂಟಿಸುವವರೇ ಹೆಚ್ಚು. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಆರರವರೆಗೆ ಇತಿಹಾಸ, ಎಂಟರವರೆಗೆ ಸಂವಿಧಾನ ಎಂದು ಸಾಗುವ ಈ ಪಟ್ಟಿ ಹೆಚ್ಚೆಂದರೆ ಒಂದು ವಾರ ಬಾಳುತ್ತದೆ. ಒಂದು ಗಂಟೆ ತಪ್ಪಿದರೆ ಅದರ ಹಿಂದಿನದೆಲ್ಲ ಕುಸಿಯುತ್ತದೆ. ಕುಸಿದ ಪಟ್ಟಿಯನ್ನು ಗೋಡೆಯ ಮೇಲೆ ದಿನಾ ನೋಡುವುದು ಇನ್ನೊಂದು ಶಿಕ್ಷೆ.

ಇದಕ್ಕಿಂತ ಮೂರೇ ಗೂಟ ನೆಡುವುದು ವಾಸಿ. ಒಂದು, ಏಳುವ ಹೊತ್ತು. ಎರಡು, ರೂಮಿನಿಂದ ಹೊರಬಿದ್ದು ಲೈಬ್ರರಿಯ ಕುರ್ಚಿಯಲ್ಲಿ ಕೂರುವ ಹೊತ್ತು. ಮೂರು, ಪುಸ್ತಕ ಮುಚ್ಚುವ ಹೊತ್ತು. ನಮ್ಮ ರೂಮಿನಲ್ಲಿ ಇವು ಆರು, ಒಂಬತ್ತು ಮತ್ತು ಸಂಜೆ ಏಳು. ನಡುವಿನ ಓದು ಹೆಚ್ಚು ಕಡಿಮೆ ಆಗಬಹುದು, ಗೂಟ ಮಾತ್ರ ಅಲುಗಬಾರದು. ಮಂಚ, ಊಟ, ಓದು ಮೂರೂ ಒಂದೇ ಹತ್ತಡಿ ಕೋಣೆಯಲ್ಲಿದ್ದರೆ ಓದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ. ಲೈಬ್ರರಿಗೆ ಹೋಗಲಾಗದ ಊರಿನಲ್ಲಿದ್ದರೆ ಶಾಲೆಯ ಜಗುಲಿಯೋ ಗುಡಿಯ ಕಟ್ಟೆಯೋ ಆದೀತು. ಎದ್ದು ಹೋಗುವುದು ಮುಖ್ಯ.

ಮೂರನೇ ಗೂಟದ ಬಗ್ಗೆ ತಕರಾರು ಬರುತ್ತದೆ. ‘ಪಕ್ಕದ ರೂಮಿನವ ರಾತ್ರಿ ಎರಡರವರೆಗೆ ಓದ್ತಾನ, ನಾವು ಏಳಕ್ಕ ಮುಚ್ಚೋದೇನು?’ ಎನ್ನುತ್ತಾರೆ. ಪರೀಕ್ಷೆಗೆ ತಿಂಗಳಿದ್ದರೆ ಆ ಮಾತು ಸರಿ. ದಿನಾಂಕವೇ ಗೊತ್ತಿಲ್ಲದ ತಯಾರಿ ಓಡುವ ಪಂದ್ಯವಲ್ಲ, ನಡೆದು ಮುಗಿಸುವ ದಾರಿ. ಮುಗಿಯುವ ಹೊತ್ತು ಇಲ್ಲದ ದಿನದಲ್ಲಿ ಸಂಜೆಯ ಚಹಾ ಕುಡಿಯುವಾಗಲೂ ‘ಓದಬೇಕಿತ್ತು’ ಅನ್ನುವ ಅಳುಕು ಕೂತಿರುತ್ತದೆ. ಅದು ಓದೂ ಅಲ್ಲ, ವಿಶ್ರಾಂತಿಯೂ ಅಲ್ಲ.

ಇನ್ನು ಟೆಲಿಗ್ರಾಂ ಗುಂಪುಗಳ ಮಾತು. ‘ಮುಂದಿನ ವಾರ ನೋಟಿಫಿಕೇಷನ್ ಪಕ್ಕಾ’ ಎಂಬ ಸಂದೇಶ ವರ್ಷದಲ್ಲಿ ಹತ್ತಾರು ಸಲ ಬರುತ್ತದೆ. ಪ್ರತಿ ಸಲವೂ ಎದೆ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಅರ್ಜಿ ಹಾಕಲು ಸಾಮಾನ್ಯವಾಗಿ ಕೆಲವು ವಾರಗಳ ಅವಕಾಶ ಇರುತ್ತದೆ. ಹಾಗಾಗಿ ಕೆಪಿಎಸ್‌ಸಿ ಮತ್ತು ಕೆಇಎ ಅಧಿಕೃತ ಜಾಲತಾಣಗಳನ್ನು ವಾರಕ್ಕೆರಡು ಸಲ, ಬುಧವಾರ ಮತ್ತು ಶನಿವಾರ ಸಂಜೆ, ನೋಡಿದರೆ ಯಾವ ಅರ್ಜಿಯೂ ತಪ್ಪುವುದಿಲ್ಲ. ದಿನಕ್ಕೆ ನಲವತ್ತು ಸಲ ಗುಂಪು ನೋಡುವುದರಿಂದ ಸುದ್ದಿ ಬೇಗ ತಿಳಿಯಬಹುದು, ಹುದ್ದೆ ಬೇಗ ಸಿಗುವುದಿಲ್ಲ.

ಸಣ್ಣ ಗುರಿ ಅಂದರೆ ಎಷ್ಟು ಸಣ್ಣದು?

‘ಈ ತಿಂಗಳು ಭೂಗೋಳ ಮುಗಿಸಬೇಕು’ ಎಂಬುದು ಸಣ್ಣ ಗುರಿಯಲ್ಲ, ಗುರಿಯೇ ಅಲ್ಲ. ಭೂಗೋಳ ಯಾರಿಗೂ ಮುಗಿಯುವುದಿಲ್ಲ. ಮುಗಿಯದ್ದನ್ನು ಗುರಿ ಮಾಡಿಕೊಂಡರೆ ತಿಂಗಳ ಕೊನೆಗೆ ಸೋಲು ಮೊದಲೇ ಬರೆದಿಟ್ಟಂತೆ. ನನ್ನ ರೂಮಿನಲ್ಲೇ ಇರುವ ಹಾವೇರಿ ಕಡೆಯ ಗೆಳತಿಯೊಬ್ಬಳು ಮಾಡಿದ ರೀತಿಯನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ.

ಆಕೆ ಬಿ.ಎ. ಮುಗಿಸಿ ಗ್ರೂಪ್ ‘ಸಿ’ ಹುದ್ದೆಗಳಿಗೆ ಓದುತ್ತಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸುತ್ತಾಳೆ. ನೂರು ಪ್ರಶ್ನೆ, ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಶುರುವಿನಲ್ಲಿ ಒಂದು ಭಾನುವಾರ ಆಕೆ ಉತ್ತರಿಸಿದ್ದು 90 ಪ್ರಶ್ನೆ. ಸರಿ 56, ತಪ್ಪು 34. ತಪ್ಪಿಗೆ ಎಂಟೂವರೆ ಅಂಕ ಹೋಗಿ ಉಳಿದದ್ದು 47.5.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಅಂಕ ನೋಡಿ ಬೇಸರಪಟ್ಟು, ಇನ್ನೊಂದು ಹೊಸ ಗೈಡು ಕೊಳ್ಳುತ್ತಾರೆ. ಆಕೆ ಮಾಡಿದ್ದು ಬೇರೆ. ಮಧ್ಯಾಹ್ನ ಕೂತು 34 ತಪ್ಪುಗಳನ್ನೂ ಮೂರು ಗುಂಪಾಗಿ ವಿಂಗಡಿಸಿದಳು. ಪ್ರಶ್ನೆಯನ್ನೇ ಸರಿಯಾಗಿ ಓದದೆ ಆದ ತಪ್ಪು 8. ಹಿಂದೆ ಓದಿದ್ದು, ಆದರೆ ಆ ಹೊತ್ತಿಗೆ ನೆನಪಾಗದ್ದು 15. ಎಂದೂ ಓದಿಯೇ ಇಲ್ಲದ್ದು 11.

ಮೊದಲ ನಾಲ್ಕು ವಾರದ ಗುರಿ ಆ ಎಂಟು ಮಾತ್ರ. ಅದಕ್ಕೆ ಹೊಸ ಪುಸ್ತಕ ಬೇಕಿಲ್ಲ. ‘ಇವುಗಳಲ್ಲಿ ಸರಿಯಲ್ಲದ್ದು ಯಾವುದು’ ಎಂಬಲ್ಲಿ ‘ಸರಿಯಲ್ಲದ್ದು’ ಎನ್ನುವುದರ ಕೆಳಗೆ ಗೆರೆ ಎಳೆಯುವುದು. ಮೂರು ಹೇಳಿಕೆ ಕೊಟ್ಟ ಪ್ರಶ್ನೆಯಲ್ಲಿ ಆಯ್ಕೆಗಳನ್ನು ನೋಡುವ ಮೊದಲೇ ಪ್ರತಿ ಹೇಳಿಕೆಯ ಮುಂದೆ ಸರಿ ಅಥವಾ ತಪ್ಪು ಗುರುತು ಹಾಕುವುದು. ಹತ್ತು ಪ್ರಶ್ನೆಗೊಮ್ಮೆ ಓಎಂಆರ್ ಹಾಳೆಯ ಸಂಖ್ಯೆಯೂ ಪ್ರಶ್ನೆಯ ಸಂಖ್ಯೆಯೂ ಕೂಡಿವೆಯೇ ಎಂದು ನೋಡುವುದು. ಇಂಥ ಒಂದು ತಪ್ಪು ಸರಿಯಾದರೆ ಸಿಗುವುದು ಒಂದು ಅಂಕವಲ್ಲ, ಒಂದೂಕಾಲು. ಹೋಗುತ್ತಿದ್ದ ಕಾಲು ಅಂಕವೂ ಉಳಿಯುತ್ತದೆ.

ಎರಡನೆಯ ಗುಂಪಿನ ಹದಿನೈದನ್ನು ಆಕೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಉತ್ತರವಿಲ್ಲದೆ ಬರೀ ಪ್ರಶ್ನೆಯಾಗಿ ಬರೆದಿಟ್ಟಳು. ಮರುದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಪುಸ್ತಕ ಮುಚ್ಚಿ ಉತ್ತರ ಬರೆದು, ಆಮೇಲೆ ತಾಳೆ ನೋಡಿದಳು. ಇದು ಬರೀ ಗಟ್ಟಿ ಹೊಡೆಯುವುದಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಹೆಚ್ಚು ಹೇಳಿದರು. ಒಂದು ವಾರದ ನಂತರ ಹೆಚ್ಚು ಹೇಳಿದವರು ಮಾತ್ರ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು. ವರ್ಷಗಟ್ಟಲೆ ಕಾಯಬೇಕಾದ ನಮಗೆ ಬೇಕಿರುವುದು ಐದು ನಿಮಿಷದ ನೆನಪಲ್ಲ.

ಮೂರನೆಯ ಗುಂಪಿನ ಹನ್ನೊಂದನ್ನು ಆಕೆ ಮುಟ್ಟಲೇ ಇಲ್ಲ. ಒಂದು ವಿಷಯ ಮೂರು ಪತ್ರಿಕೆಗಳಲ್ಲಿ ಬಂದಿದ್ದರೆ ಮಾತ್ರ ಓದುವುದು, ಇಲ್ಲದಿದ್ದರೆ ಬಿಡುವುದು ಆಕೆಯ ನಿಯಮ.

ಎಂಟು ಭಾನುವಾರಗಳ ನಂತರದ ಲೆಕ್ಕ ಹೀಗಿತ್ತು: ಉತ್ತರಿಸಿದ್ದು 90, ಸರಿ 66, ತಪ್ಪು 24. ಆ ಇಪ್ಪತ್ನಾಲ್ಕರಲ್ಲಿ ಸರಿಯಾಗಿ ಓದದ್ದು 3, ಮರೆತದ್ದು 9, ಗೊತ್ತಿಲ್ಲದ್ದು 12. ಅಂಕ 60. ಆ ಎರಡು ತಿಂಗಳಲ್ಲಿ ಆಕೆ ಕಾಯುತ್ತಿದ್ದ ಹುದ್ದೆಗೆ ಕಾಲ್‌ಫಾರ್ಮ್ ಬರಲೇ ಇಲ್ಲ. ಆದರೆ ಎಂಟು ಮೂರಾದದ್ದು, ಹದಿನೈದು ಒಂಬತ್ತಾದದ್ದು ಆಕೆಯ ನೋಟ್‌ಬುಕ್ಕಿನಲ್ಲಿ ಬರೆದಿತ್ತು. ‘ಏನೂ ಆಗ್ತಿಲ್ಲ’ ಅನ್ನಿಸಿದ ದಿನ ತೆರೆದು ನೋಡಲು ಒಂದು ಪುಟವಿತ್ತು. ಇದರ ಮಿತಿಯನ್ನೂ ಹೇಳಬೇಕು. ಎಲ್ಲ ಪತ್ರಿಕೆಗಳೂ ಒಂದೇ ಸಮ ಕಠಿಣವಾಗಿರುವುದಿಲ್ಲ. ಒಂದು ಭಾನುವಾರ ಅಂಕ ಇಳಿದರೆ ಅದಕ್ಕೆ ಅರ್ಥವಿಲ್ಲ, ನಾಲ್ಕು ಭಾನುವಾರದ ಸರಾಸರಿ ಇಳಿದರೆ ಇದೆ.

ಖಾಸಗಿ ನೌಕರಿ ಹುಡುಕುವವರಿಗೂ ಇದೇ ವಿಂಗಡಣೆ ಹೊಂದುತ್ತದೆ. ಮೂವತ್ತು ನಲವತ್ತು ಅರ್ಜಿ ಕಳಿಸಿಯೂ ಒಂದೂ ಸಂದರ್ಶನದ ಕರೆ ಬರದಿದ್ದರೆ ತಿದ್ದಬೇಕಾದದ್ದು ರೆಸ್ಯೂಮೆ, ಇಲ್ಲವೇ ಅರ್ಜಿ ಹಾಕುತ್ತಿರುವ ಹುದ್ದೆಗಳ ಆಯ್ಕೆ. ಕರೆ ಬಂದು ಮೊದಲ ಸುತ್ತಿನಲ್ಲೇ ನಿಲ್ಲುತ್ತಿದ್ದರೆ ತಿದ್ದಬೇಕಾದದ್ದು ಆ ಸುತ್ತಿನ ತಯಾರಿ. ‘ನನಗೆ ಕೆಲಸ ಸಿಗ್ತಿಲ್ಲ’ ಎಂಬ ದೊಡ್ಡ ವಾಕ್ಯವನ್ನು ಒಡೆದಾಗಲೇ ಮಾಡಬಹುದಾದ ಕೆಲಸ ಕಾಣುತ್ತದೆ.

ದಣಿವೋ, ಸೋಮಾರಿತನವೋ?

ಎರಡಕ್ಕೂ ಹೊರಗಿನ ರೂಪ ಒಂದೇ, ಪುಸ್ತಕ ಮುಚ್ಚಿರುತ್ತದೆ. ಗುರುತಿಸಲು ಸುಲಭದ ದಾರಿ ಒಂದು ದಿನ ಪೂರ್ತಿ ರಜೆ ಹಾಕಿ ನೋಡುವುದು. ಊರಿಗೆ ಹೋಗಿ, ಹೊಲದಲ್ಲಿ ಅಡ್ಡಾಡಿ, ಚೆನ್ನಾಗಿ ನಿದ್ದೆ ಮಾಡಿ ಬಂದ ಮೇಲೆ ಕೈ ತಾನಾಗಿ ಪುಸ್ತಕದತ್ತ ಹೋದರೆ ಅದು ಬರೀ ದಣಿವಾಗಿತ್ತು. ಓದಿನಲ್ಲಿ ಮನಸ್ಸಿಲ್ಲ, ಆದರೆ ಕ್ರಿಕೆಟ್ಟಿಗೂ ಸಿನಿಮಾಕ್ಕೂ ಹುರುಪಿದೆ ಎಂದರೆ ಗೂಟಗಳು ಅಲುಗಿವೆ ಎಂದರ್ಥ, ಸರಿಮಾಡಿಕೊಳ್ಳಬಹುದು.

ಕ್ರಿಕೆಟ್ಟೂ ಬೇಡ, ಸಿನಿಮಾನೂ ಬೇಡ, ಗೆಳೆಯರೂ ಬೇಡ ಎನಿಸತೊಡಗಿದರೆ ಎಚ್ಚರವಾಗಬೇಕು. ಮೊದಲು ಬಿಡುವುದು ಭಾನುವಾರದ ಪರೀಕ್ಷೆಯನ್ನು, ಅಂಕ ನೋಡಲು ಭಯ. ಆಮೇಲೆ ಮೆಸ್ಸಿಗೆ ಹೋಗುವುದನ್ನು, ಆಮೇಲೆ ಮನೆಯ ಫೋನ್ ಎತ್ತುವುದನ್ನು. ನಡುರಾತ್ರಿ ಎಚ್ಚರಾಗಿ ಮತ್ತೆ ನಿದ್ದೆ ಬರುವುದಿಲ್ಲ. ಎರಡು ವಾರ ಹೀಗೇ ಇದ್ದರೆ ಅದು ದಿನಚರಿಯಿಂದ ಸರಿಹೋಗುವ ಮಾತಲ್ಲ, ವೈದ್ಯರ ಹತ್ತಿರ ಹೋಗಬೇಕಾದದ್ದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ‘ಬದುಕಿ ಏನು ಮಾಡೋದು’ ಎಂಬ ಮಾತು ನಿಮ್ಮ ಬಾಯಲ್ಲೋ ರೂಮಿನವರ ಬಾಯಲ್ಲೋ ಬಂದರೆ ಎರಡು ವಾರ ಕಾಯಬೇಡಿ. ಅವರನ್ನು ಒಬ್ಬರೇ ಬಿಡದೆ ಅವತ್ತೇ ಕರೆ ಮಾಡಿ.

ಫಲಿತಾಂಶದ ದಿನಕ್ಕೆ ಬೇರೆ ನಿಯಮ ಬೇಕು. ನಮ್ಮ ರೂಮಿನಲ್ಲಿ ಅದು ಸರಳ: ಫಲಿತಾಂಶ ಬಂದ ಎರಡು ದಿನ ಯಾವ ನಿರ್ಧಾರವನ್ನೂ ಮಾಡುವಂತಿಲ್ಲ. ಪುಸ್ತಕ ಮಾರುವುದು, ರೂಮು ಖಾಲಿ ಮಾಡುವುದು, ಹೊಸ ಕೋಚಿಂಗಿಗೆ ದುಡ್ಡು ಕಟ್ಟುವುದು, ಎಲ್ಲ ಮೂರನೇ ದಿನದ ಮೇಲೆ.

ಗೆರೆಯನ್ನು ಮೊದಲೇ ಎಳೆಯಿರಿ

ಎಲ್ಲಿಯವರೆಗೆ ಎಂಬುದು ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆ. ವಯೋಮಿತಿ ಇದೆಯಲ್ಲ ಎನ್ನುತ್ತೇವೆ. ಆದರೆ ವಯೋಮಿತಿ ಸರ್ಕಾರ ಎಳೆದ ಗೆರೆ. ಅದು ನಮ್ಮ ಮನೆಯ ಸಾಲವನ್ನೂ ತಂಗಿಯ ಓದನ್ನೂ ನೋಡಿ ಎಳೆದದ್ದಲ್ಲ. ‘ಇಷ್ಟು ವರ್ಷ ಓದೇನಿ, ಇನ್ನೊಂದ ಸಲ’ ಎಂಬ ಮಾತು ಮೂರನೇ ವರ್ಷ ಎಷ್ಟು ನಿಜ ಅನ್ನಿಸುತ್ತದೋ ಏಳನೇ ವರ್ಷವೂ ಅಷ್ಟೇ ನಿಜ ಅನ್ನಿಸುತ್ತದೆ. ಕಳೆದ ವರ್ಷಗಳು ಮುಂದಿನ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ.

ಅದಕ್ಕೇ ಗೆರೆಯನ್ನು ಮನಸ್ಸು ಶಾಂತವಿದ್ದಾಗ, ಫಲಿತಾಂಶಕ್ಕೆ ಮೊದಲು, ಕಾಗದದ ಮೇಲೆ ಎಳೆಯಬೇಕು. ಅದರಲ್ಲಿ ಎರಡು ಅಳತೆ ಇರಲಿ. ಬರೀ ‘ಎರಡು ಪರೀಕ್ಷೆ’ ಎಂದು ಬರೆದರೆ ಪರೀಕ್ಷೆ ಮುಂದೂಡಿದಂತೆ ಗೆರೆಯೂ ಮುಂದೆ ಹೋಗುತ್ತದೆ. ‘ಎರಡು ಪರೀಕ್ಷೆ ಅಥವಾ ಹದಿನೆಂಟು ತಿಂಗಳು, ಯಾವುದು ಮೊದಲೋ ಅದು’ ಎಂದು ಬರೆಯಿರಿ. ಪಕ್ಕದಲ್ಲಿ ತಿಂಗಳ ಖರ್ಚು ಬರೆಯಿರಿ: ಬಾಡಿಗೆ, ಮೆಸ್, ಲೈಬ್ರರಿ ಶುಲ್ಕ, ಬಸ್ಸು. ಅದನ್ನು ಹದಿನೆಂಟರಿಂದ ಗುಣಿಸಿ ಮನೆಯವರಿಗೆ ತೋರಿಸಿ. ಅವರು ಒಪ್ಪಿದ ಮೊತ್ತದಲ್ಲಿ ಓದುವಾಗ ಪ್ರತಿ ತಿಂಗಳು ದುಡ್ಡು ಕೇಳುವ ಸಂಕೋಚ ಕಡಿಮೆಯಾಗುತ್ತದೆ.

ಗೆರೆ ಬಂದಾಗ ನೋಡಬೇಕಾದ್ದು ಒಂದೇ, ನಿಮ್ಮ ವರ್ಗದ ಕಟ್‌ಆಫ್‌ಗೂ ನಿಮ್ಮ ಅಂಕಕ್ಕೂ ಇರುವ ಅಂತರ. ಅದು ಹನ್ನೆರಡರಿಂದ ನಾಲ್ಕಕ್ಕೆ ಇಳಿದಿದ್ದರೆ ಮನೆಯವರ ಜತೆ ಕೂತು ಮತ್ತೊಂದು ಗೆರೆ ಎಳೆಯಲು ಕಾರಣವಿದೆ. ಹನ್ನೆರಡು ಹನ್ನೆರಡಾಗಿಯೇ ಉಳಿದಿದ್ದರೆ ಪಾಲು ಬದಲಿಸುವ ಹೊತ್ತು. ಓದು ಬಿಡಬೇಕೆಂದಲ್ಲ. ದಿನವಿಡೀ ಇದ್ದ ಓದು ಬೆಳಗಿನ ಎರಡು ಗಂಟೆಗೆ ಇಳಿದು, ಹಗಲು ಒಂದು ಕೆಲಸ ಬರಲಿ. ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಡೇಟಾ ಎಂಟ್ರಿ, ಅಂಗಡಿಯ ಲೆಕ್ಕ, ಯಾವುದಾದರೂ ಸರಿ. ಯಹೋದಾ ಪಟ್ಟಿ ಮಾಡಿದ ಐದರಲ್ಲಿ ಮೂರು ನಾಲ್ಕನ್ನು ಇಂಥ ಕೆಲಸವೂ ಕೊಡುತ್ತದೆ, ಜತೆಗೆ ಮೆಸ್ಸಿನ ಬಿಲ್ಲನ್ನೂ ತೀರಿಸುತ್ತದೆ.

ನಮ್ಮ ರೂಮಿನ ನಾಲ್ವರಲ್ಲಿ ಇಬ್ಬರು ಈಗ ಹೀಗೆ ಅರ್ಧ ದಿನ ದುಡಿಯುತ್ತಿದ್ದೇವೆ. ಭಾನುವಾರದ ಪ್ರಶ್ನೆಪತ್ರಿಕೆಯನ್ನು ಮಾತ್ರ ನಾಲ್ವರೂ ಒಟ್ಟಿಗೇ ಬಿಡಿಸುತ್ತೇವೆ. ಸಂಜೆ ಮನೆಗೆ ಫೋನ್ ಮಾಡಿ, ಅವರು ಕೇಳುವ ಮೊದಲೇ ವಾರದ ಲೆಕ್ಕ ಒಪ್ಪಿಸುತ್ತೇವೆ: ಇಷ್ಟು ಸರಿ, ಇಷ್ಟು ತಪ್ಪು, ಹೋದ ವಾರಕ್ಕಿಂತ ಇಷ್ಟು ವಾಸಿ. ಕಾಲ್‌ಫಾರ್ಮ್ ಸುದ್ದಿ ಇಲ್ಲದ ವಾರವೂ ಹೇಳಲು ಏನೋ ಇರುತ್ತದೆ.